ನಮ್ಮ ಬೇಕರಿಯ ವೆಬ್‌ಸೈಟಿಗೆ ಎಷ್ಟು ಪುಟ ಬೇಕು? ಮೆನುವಿನಲ್ಲಿ ಯಾವುದು ಮೊದಲು ಬರಬೇಕು?

ಒಲೆಯ ಮುಂದೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಬೇಕರಿ ಇದೆ. ಮಾವ ಶುರುಮಾಡಿದ್ದು, ಈಗ ನಾನೂ ನನ್ನ ಯಜಮಾನರೂ ನೋಡಿಕೊಳ್ಳುತ್ತಿದ್ದೇವೆ. ಹೋದ ವರ್ಷ ರಾಮಕೃಷ್ಣನಗರದಲ್ಲಿ ಇನ್ನೊಂದು ಮಳಿಗೆ ತೆರೆದೆವು. ಬ್ರೆಡ್, ಖಾರ ಬನ್, ದಿಲ್‌ಪಸಂದ್, ಪಫ್ಸ್, ಬೆಣ್ಣೆ ಬಿಸ್ಕತ್ತು, ಹನಿ ಕೇಕ್, ರಸ್ಕ್ ಎಲ್ಲವೂ ದಿನವೂ ಇರುತ್ತವೆ, ಯಾವುದಕ್ಕೂ ಮೊಟ್ಟೆ ಹಾಕುವುದಿಲ್ಲ. ಹುಟ್ಟುಹಬ್ಬದ ಕೇಕುಗಳನ್ನು ಮುಂಗಡ ಹೇಳಿದರೆ ಮಾಡಿಕೊಡುತ್ತೇವೆ.

ಈಗ ವೆಬ್‌ಸೈಟ್ ಮಾಡಿಸುತ್ತಿದ್ದೇವೆ. ಮಾಡಿಕೊಡುವ ಹುಡುಗ ಕಳಿಸಿದ ಮೆನು ಹೀಗಿದೆ: ಮುಖಪುಟ, ನಮ್ಮ ಬಗ್ಗೆ, ನಮ್ಮ ಧ್ಯೇಯ, ಉತ್ಪನ್ನಗಳು (ಅದರ ಕೆಳಗೆ ಒಂಬತ್ತು ವಿಭಾಗ), ಗ್ಯಾಲರಿ, ಗ್ರಾಹಕರ ಅನಿಸಿಕೆ, ಬ್ಲಾಗ್, ಸುದ್ದಿ, ಉದ್ಯೋಗ, ಸಂಪರ್ಕ. ಪುಟಕ್ಕಿಷ್ಟು ಎಂದು ಹಣ ಕೇಳಿದ್ದಾನೆ. ಹಣದ ಮಾತು ಹಾಗಿರಲಿ, "ಧ್ಯೇಯ"ದ ಪುಟದಲ್ಲಿ ಏನು ಬರೆಯುವುದು ಎಂದು ಎರಡು ದಿನ ಕುಳಿತು ಯೋಚಿಸಿದರೂ ನನಗೆ ಒಂದು ಸಾಲೂ ಹೊಳೆಯಲಿಲ್ಲ. ಇಷ್ಟು ಪುಟ ನಿಜವಾಗಿಯೂ ಬೇಕೇ? ಮೆನುವಿನ ಕ್ರಮವನ್ನು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆ?

ನಿವೃತ್ತ ಮೇಷ್ಟ್ರು

ತಂಗಿ, ಮೆನುವಿನಲ್ಲಿ ಮೊದಲು ಬ್ರೆಡ್ ಮತ್ತು ಬನ್ ಇರಲಿ, ಅವು ದಿನನಿತ್ಯ ಬೇಕಾದವು. ಆಮೇಲೆ ಖಾರದ ತಿನಿಸುಗಳು, ನಂತರ ಬಿಸ್ಕತ್ತು, ಕೊನೆಗೆ ಕೇಕ್. ಪ್ರತಿಯೊಂದರ ಮುಂದೆ ಬೆಲೆ ಬರೆಯಿರಿ. ಅಕ್ಷರ ದಪ್ಪವಾಗಿರಲಿ, ನಮ್ಮಂಥ ವಯಸ್ಸಾದವರಿಗೆ ಕಾಣಬೇಕು.

ಒಲೆಯ ಮುಂದೆ

ಧನ್ಯವಾದ ಸರ್. ನಾನು ಕೇಳಿದ್ದು ತಿಂಡಿಗಳ ಪಟ್ಟಿಯ ಬಗ್ಗೆ ಅಲ್ಲ, ವೆಬ್‌ಸೈಟಿನ ಮೇಲ್ಭಾಗದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಇರುತ್ತದಲ್ಲ, ಆ ಸಾಲಿನ ಬಗ್ಗೆ. ಆದರೆ ಬೆಲೆ ಮತ್ತು ಅಕ್ಷರದ ಮಾತನ್ನು ಬರೆದುಕೊಂಡಿದ್ದೇನೆ.

ನೇಕಾರ

ಮೇಷ್ಟ್ರು ಮೆನು ಎಂದರೆ ತಿಂಡಿಪಟ್ಟಿ ಎಂದುಕೊಂಡದ್ದು ನಿಮಗೆ ಸಿಕ್ಕ ಮೊದಲ ಪರೀಕ್ಷೆ ಎಂದು ತಿಳಿಯಿರಿ. ಮೊಬೈಲಿನಲ್ಲಿ ಮೂರು ಗೆರೆಯ ಚಿಹ್ನೆಯ ಪಕ್ಕ "ಮೆನು" ಎಂದು ಬರೆದರೆ, ಬೇಕರಿಯ ಸೈಟಿಗೆ ಬಂದವರು ಅಲ್ಲಿ ತಿಂಡಿ ಮತ್ತು ಬೆಲೆ ಇರುತ್ತದೆ ಎಂದೇ ಒತ್ತುತ್ತಾರೆ. ಹೋಟೆಲ್, ಬೇಕರಿಗಳ ಸೈಟಿನಲ್ಲಿ ಆ ಪದವನ್ನು ಆ ಜಾಗದಲ್ಲಿ ನಾನು ಬಳಸುವುದನ್ನೇ ಬಿಟ್ಟಿದ್ದೇನೆ.

ಹುಬ್ಬಳ್ಳಿಯಲ್ಲಿ 12 ವರ್ಷಗಳಿಂದ ಸಣ್ಣ ಅಂಗಡಿಗಳಿಗೆ ಸೈಟ್ ಕಟ್ಟಿಕೊಡುತ್ತಿದ್ದೇನೆ. ಆ ಹುಡುಗ ಕಳಿಸಿದ ಪಟ್ಟಿ ಯಾವುದೋ ಸಿದ್ಧ ಮಾದರಿಯದು, ಕಂಪನಿಗಳಿಗಾಗಿ ಹೊಲಿದದ್ದು. ಅದನ್ನು ಕತ್ತರಿಸಿ ಚಿಕ್ಕದು ಮಾಡಲು ಹೊರಟರೆ ನಿಮ್ಮ ಅಳತೆಗೆ ಬರುವುದಿಲ್ಲ. ಹೊಸದಾಗಿಯೇ ಅಳತೆ ತೆಗೆಯಿರಿ.

ಅಂಗಡಿಯ ಫೋನಿನ ಪಕ್ಕ ಒಂದು ನೋಟ್‌ಪುಸ್ತಕ ಇಡಿ. ಒಂದು ವಾರ ಬರುವ ಪ್ರತಿ ಕರೆಯಲ್ಲೂ ಗಿರಾಕಿ ಕೇಳಿದ ಮೊದಲ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಕೇಕ್ ವಿಚಾರಣೆ" ಎಂದು ಬರೆಯಬೇಡಿ, "ಒಂದು ಕೆ.ಜಿ.ಗೆ ಎಷ್ಟು" ಎಂದೇ ಬರೆಯಿರಿ. ಕೌಂಟರಿನ ಮುಂದೆ ನಿಂತು ಕೇಳುವ ಪ್ರಶ್ನೆಗಳಿಗೆ ಬೇರೆ ಹಾಳೆ ಇಡಿ, ಅವು ಬೇರೆ ಜಾತಿಯವು. ಕಣ್ಣೆದುರು ಪಫ್ಸ್ ಇರುವವರು ಪಫ್ಸ್ ಇದೆಯೇ ಎಂದು ಕೇಳುವುದಿಲ್ಲ. ಫೋನ್ ಮಾಡುವವರು ಮಾತ್ರ ನಿಮ್ಮ ಸೈಟಿಗೆ ಬರುವವರ ಸ್ಥಿತಿಯಲ್ಲಿರುತ್ತಾರೆ: ದೂರದಲ್ಲಿದ್ದಾರೆ, ಏನೂ ಕಾಣುತ್ತಿಲ್ಲ, ಒಂದು ವಿಷಯ ಗೊತ್ತಾಗಬೇಕಿದೆ. ಆ ಪಟ್ಟಿ ಸಿಕ್ಕ ಮೇಲೆ ಮಾತಾಡೋಣ.

ಹುಡುಕುನೋಟ

ಪುಟ ಕಡಿಮೆ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಪುಟ ಹೆಚ್ಚಿದಷ್ಟೂ ಗೂಗಲ್‌ನಲ್ಲಿ ಸಿಗುವ ದಾರಿ ಹೆಚ್ಚು. ಎರಡು ಮಳಿಗೆಗೂ ಒಂದೊಂದು ಪುಟ ಮಾಡಿ. ಅದಲ್ಲದೆ ವಿಜಯನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಗೋಕುಲಂ ಹೀಗೆ ಪ್ರತಿ ಬಡಾವಣೆಗೂ "ಇಲ್ಲಿ ಮೊಟ್ಟೆರಹಿತ ಕೇಕ್" ಎಂದು ಒಂದೊಂದು ಪುಟ ಇರಲಿ. ಮೆನುವಿನಲ್ಲಿ ಮಾತ್ರ ಏಳಕ್ಕಿಂತ ಹೆಚ್ಚು ಪದ ಇರಬಾರದು, ಮನುಷ್ಯನ ನೆನಪು ಒಮ್ಮೆಗೆ ಏಳನ್ನಷ್ಟೇ ಹಿಡಿದಿಡುತ್ತದೆ.

ನೇಕಾರ

ಮಳಿಗೆಗೊಂದು ಪುಟ ಎಂಬ ನಿಮ್ಮ ಮಾತು ಸರಿ. ಎರಡು ಅಂಗಡಿಯ ವಿಳಾಸ, ಸಮಯ, ಫೋನ್ ಬೇರೆ ಬೇರೆ. ಗೂಗಲ್ ನಕ್ಷೆಯಲ್ಲಿ ಇರುವ ಎರಡು ಪ್ರೊಫೈಲುಗಳಿಂದ ಆಯಾ ಪುಟಕ್ಕೇ ಕೊಂಡಿ ಕೊಡಬಹುದು. ಒಂದೇ ಪುಟದಲ್ಲಿ ಎರಡೂ ವಿಳಾಸ ಹಾಕಿ, ಜನ ಕುವೆಂಪುನಗರಕ್ಕೆ ಹೇಳಿದ ಕೇಕನ್ನು ಕೇಳಿಕೊಂಡು ರಾಮಕೃಷ್ಣನಗರಕ್ಕೆ ಹೋಗಿ ನಿಲ್ಲುವುದು ಬೇಡ.

ಅಂಗಡಿಯೇ ಇಲ್ಲದ ಬಡಾವಣೆಗಳಿಗೆ ಪುಟ ಮಾಡುವುದನ್ನು ಮಾತ್ರ ನಾನು ಬಲವಾಗಿ ಬೇಡ ಎನ್ನುತ್ತೇನೆ. ಅದೇ ಬರಹದಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿದ ಪುಟಗಳನ್ನು ಗೂಗಲ್ ತನ್ನ ನಿಯಮಗಳಲ್ಲಿ ಸ್ಪ್ಯಾಮ್ ಎಂದೇ ಹೆಸರಿಸಿದೆ. ಡೆಲಿವರಿ ಎಲ್ಲೆಲ್ಲಿಗೆ ಇದೆ ಎಂದು ಕೇಕ್ ಪುಟದಲ್ಲಿ ಒಂದು ಸಾಲು ಬರೆದರೆ ಸಾಕು, ಗಿರಾಕಿಗೆ ಉಪಯೋಗಕ್ಕೆ ಬರುವುದೂ ಅದೇ.

ಏಳರ ಲೆಕ್ಕ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರ 1956ರ ಪ್ರಬಂಧದಿಂದ ಬಂದದ್ದು. ಅದು ಕೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದರ ಬಗ್ಗೆ. ಮೆನುವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ, ಅದು ಕಣ್ಣೆದುರಿಗೇ ಇರುತ್ತದೆ. ಸಣ್ಣ ಅಂಗಡಿಗೆ ಮಿತಿ ಬರುವುದು ನೆನಪಿನಿಂದಲ್ಲ, ಮೊಬೈಲಿನ ಅಗಲದಿಂದ ಮತ್ತು ಒಂದೇ ಪ್ರಶ್ನೆಗೆ ಎರಡು ಪದಗಳು ಪೈಪೋಟಿಗೆ ಬೀಳುವುದರಿಂದ. "ಸುದ್ದಿ", "ಬ್ಲಾಗ್" ಎರಡೂ ಇದ್ದರೆ ಹೊಸ ವರ್ಷದ ಕೇಕಿನ ವಿಷಯ ಯಾವುದರಲ್ಲಿದೆ ಎಂದು ಯಾರಿಗೆ ಗೊತ್ತು?

ದಾವಣಗೆರೆ ಬೆಣ್ಣೆ

ನಾನು ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ನನಗೆ ಒಂದೇ ಪುಟ. ಮೇಲೆ ಮೂರು ಚಿತ್ರ, ಅದರ ಕೆಳಗೆ ಬೆಲೆ, ಅದರ ಕೆಳಗೆ ವಾಟ್ಸ್‌ಆಪ್ ಗುಂಡಿ. ಮೆನುವೇ ಇಲ್ಲ. ಮೂರು ವರ್ಷದಿಂದ ಅದರಲ್ಲೇ ನಡೆಯುತ್ತಿದೆ. ಮೊದಲು ಐದು ಪುಟ ಇದ್ದವು, ಗ್ಯಾಲರಿಗೆ ಹೋದವರು ಅಲ್ಲಿಂದ ಆರ್ಡರ್ ಪುಟಕ್ಕೆ ಬರುತ್ತಲೇ ಇರಲಿಲ್ಲ. ಚಿತ್ರ ನೋಡಿ ಹೊರಟುಹೋಗುತ್ತಿದ್ದರು. ಅಕ್ಕಾ, ನೀವೂ ಒಂದೇ ಪುಟ ಮಾಡಿಬಿಡಿ.

ನೇಕಾರ

ನಿಮ್ಮ ವ್ಯಾಪಾರಕ್ಕೆ ಅದು ತಕ್ಕ ಉತ್ತರ, ಏಕೆಂದರೆ ನೀವು ಮಾರುವುದು ಒಂದೇ ಬಗೆಯ ವಸ್ತು. ಇವರಲ್ಲಿ ಎರಡು ವ್ಯಾಪಾರ ಒಂದೇ ಸೂರಿನಡಿ ಇದೆ. ಸಂಜೆ ನಾಲ್ಕಕ್ಕೆ ಖಾರ ಬನ್ ಬೇಕೆನ್ನುವವರು ಒಬ್ಬರು, ಇದೇ 18ಕ್ಕೆ ಮಗುವಿನ ಹುಟ್ಟುಹಬ್ಬ ಎನ್ನುವವರು ಇನ್ನೊಬ್ಬರು. ಒಂದೇ ಪುಟದಲ್ಲಿ ಇಬ್ಬರನ್ನೂ ಕೂರಿಸಿದರೆ ಒಬ್ಬರು ಇನ್ನೊಬ್ಬರ ವಿಷಯವನ್ನು ಸರಿಸುತ್ತಾ ಸರಿಸುತ್ತಾ ಕೆಳಗೆ ಹೋಗಬೇಕಾಗುತ್ತದೆ.

ಗ್ಯಾಲರಿಯ ಬಗ್ಗೆ ನೀವು ಹೇಳಿದ್ದು ಬಹಳ ಮುಖ್ಯ. ಚಿತ್ರ ಮತ್ತು ಬೆಲೆ ಬೇರೆ ಬೇರೆ ಪುಟದಲ್ಲಿ ಇರಬಾರದು. ಕೇಕಿನ ಚಿತ್ರಗಳು ಕೇಕ್ ಪುಟದಲ್ಲೇ ಇದ್ದರೆ ಗ್ಯಾಲರಿಗೆ ಬೇರೆ ಕೆಲಸ ಉಳಿಯುವುದಿಲ್ಲ.

ಒಲೆಯ ಮುಂದೆ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನೇಕಾರ ಅವರು ಹೇಳಿದಂತೆ ಸೋಮವಾರದಿಂದ ಭಾನುವಾರದವರೆಗೆ ಬರೆದಿಟ್ಟೆವು. ಕೌಂಟರಿನಲ್ಲಿ ಇರುವ ಹುಡುಗ ನನಗಿಂತ ಶ್ರದ್ಧೆಯಿಂದ ಬರೆದಿದ್ದಾನೆ. ಒಟ್ಟು 74 ಕರೆ.

ಅವುಗಳಲ್ಲಿ 31 ಮುಂಗಡ ಕೇಕಿಗೆ. "ಒಂದು ಕೆ.ಜಿ. ಎಷ್ಟು", "ನಾಳೆಗೆ ಸಿಗುತ್ತದೆಯೇ", "ಮಗನ ಫೋಟೊ ಹಾಕಿಕೊಡುತ್ತೀರಾ", "ಹೆಸರನ್ನು ಕನ್ನಡದಲ್ಲಿ ಬರೆಯುತ್ತೀರಾ". 14 ಕರೆ ಸಮಯದ ಬಗ್ಗೆ, ಅದರಲ್ಲಿ ಹೆಚ್ಚಿನವು ಭಾನುವಾರವೇ ಬಂದವು: "ಇವತ್ತು ತೆರೆದಿದ್ದೀರಾ". 11 ಜನ ಖಾರ ಬನ್ ಅಥವಾ ಪಫ್ಸ್ ಬಂದಿದೆಯೇ, ಬ್ರೆಡ್ ಮುಗಿಯಿತೇ ಎಂದು ಕೇಳಿದರು. 9 ಜನಕ್ಕೆ ದಾರಿ ಬೇಕಿತ್ತು, ಯಾವ ಅಂಗಡಿ ಎಂಬ ಗೊಂದಲವೂ ಅದರಲ್ಲೇ ಸೇರಿತ್ತು. 6 ಕರೆ ಕಚೇರಿ, ಶಾಲೆ, ನಾಮಕರಣಗಳಿಗೆ ಒಟ್ಟಾಗಿ ಬೇಕು ಎಂದು. ಉಳಿದ 3 ಬೇರೆ ಏನೋ.

"ನಿಮ್ಮ ಧ್ಯೇಯ ಏನು" ಎಂದು ಯಾರೂ ಕೇಳಲಿಲ್ಲ. ಬ್ಲಾಗ್, ಸುದ್ದಿ, ಉದ್ಯೋಗ ಯಾವುದಕ್ಕೂ ಒಂದು ಕರೆಯೂ ಇಲ್ಲ. ಕೌಂಟರಿನ ಹಾಳೆಯಲ್ಲಿ ಮಾತ್ರ ಒಂದೇ ಪ್ರಶ್ನೆ ಮತ್ತೆ ಮತ್ತೆ: "ಇದಕ್ಕೆ ಮೊಟ್ಟೆ ಹಾಕಿದ್ದೀರಾ?" ಫೋನಿನಲ್ಲಿ ಅದನ್ನು ಕೇಕ್ ಕೇಳುವವರು ಎರಡನೆಯ ಪ್ರಶ್ನೆಯಾಗಿ ಕೇಳುತ್ತಾರೆ, ಆದ್ದರಿಂದ ನಮ್ಮ ಎಣಿಕೆಗೆ ಸಿಕ್ಕಿಲ್ಲ.

ನೇಕಾರ

ಇದಕ್ಕಿಂತ ಒಳ್ಳೆಯ ನಕ್ಷೆ ಯಾರೂ ಬರೆದುಕೊಡಲಾರರು. ಈಗ ಆ ಹಾಳೆಯಿಂದ ಪುಟಗಳನ್ನು ತೆಗೆಯೋಣ.

ಮೊದಲು, ಒಂದು ಪ್ರಶ್ನೆಗೆ ಪುಟ ಬೇಕೋ ಸಾಲು ಸಾಕೋ ಎಂದು ಕೇಳಿಕೊಳ್ಳಿ. ಭಾನುವಾರ ತೆರೆದಿದೆಯೇ ಎಂಬುದಕ್ಕೆ ಒಂದು ಸಾಲು ಸಾಕು, ಅದು ಮುಖಪುಟದ ಮೇಲ್ಭಾಗದಲ್ಲೇ ಇರಬೇಕು, ಪ್ರತಿ ಪುಟದ ಅಡಿಯಲ್ಲೂ ಇರಬೇಕು. ಮೊಟ್ಟೆ ಇಲ್ಲ ಎಂಬುದಕ್ಕೂ ಪುಟ ಬೇಡ. ಅಂಗಡಿಯ ಹೆಸರಿನ ಕೆಳಗೇ "ಎಲ್ಲವೂ ಮೊಟ್ಟೆರಹಿತ" ಎಂದು ಬರೆಯಿರಿ. ಮುಂಗಡ ಕೇಕಿಗೆ ಮಾತ್ರ ಸಾಲು ಸಾಲದು. ತೂಕ, ಬೆಲೆ, ಎಷ್ಟು ದಿನ ಮೊದಲು ಹೇಳಬೇಕು, ಫೋಟೊ ಕೇಕಿಗೆ ಎಷ್ಟು ದಿನ, ಹೆಸರು ಬರೆಯುವುದು, ಮುಂಗಡ ಹಣ, ಡೆಲಿವರಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಅದಕ್ಕೆ ಪೂರ್ತಿ ಪುಟ ಬೇಕು. ನಿಮ್ಮ ಸೈಟಿನ ಶ್ರಮದಲ್ಲಿ ಅರ್ಧ ಆ ಪುಟಕ್ಕೇ ಹೋಗಲಿ.

ನಾನಾದರೆ ಹೀಗೆ ಇಡುತ್ತೇನೆ: ಕೇಕ್ ಆರ್ಡರ್, ತಿನಿಸುಗಳು ಮತ್ತು ಬೆಲೆ, ಸಮಾರಂಭಗಳಿಗೆ, ನಮ್ಮ ಬೇಕರಿ, ಸಂಪರ್ಕ. ಎರಡು ಮಳಿಗೆಗಳ ಪುಟ ಸಂಪರ್ಕದ ಒಳಗೆ. ಮೆನುವಿನಲ್ಲಿ ಕಣ್ಣು ಮೊದಲು ನಿಲ್ಲುವುದು ಆರಂಭದಲ್ಲಿ, ಮತ್ತೆ ನಿಲ್ಲುವುದು ಕೊನೆಯಲ್ಲಿ. ಆದ್ದರಿಂದ ಹೆಚ್ಚು ಕೇಳುವ ಕೇಕ್ ಮೊದಲಿಗೆ. ವಿಳಾಸ ಕೊನೆಗೆ, ಏಕೆಂದರೆ ಹೆಚ್ಚಿನ ಸೈಟುಗಳಲ್ಲಿ ಅದು ಅಲ್ಲೇ ಇರುವುದರಿಂದ ಜನರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಕಡಿಮೆ ಕೇಳುವವು ನಡುವೆ.

ನಿಮ್ಮಲ್ಲಿ ಆನ್‌ಲೈನಿನಲ್ಲಿ ಹಣ ತೆಗೆದುಕೊಳ್ಳುವ ಯೋಚನೆ ಇದ್ದರೆ ಇನ್ನೊಂದು ಮಾತು. ಪಾವತಿ ಸೇವೆಯವರು ಖಾತೆ ಚಾಲೂ ಮಾಡುವ ಮೊದಲು ಸೈಟಿನಲ್ಲಿ ಷರತ್ತು, ಖಾಸಗಿತನ, ಹಣ ಮರುಪಾವತಿ ಈ ಪುಟಗಳನ್ನು ನೋಡುತ್ತಾರೆ. ಅವು ಬೇಕೇ ಬೇಕು, ಆದರೆ ಮೆನುವಿನಲ್ಲಿ ಬೇಡ. ಪುಟದ ಅಡಿಯಲ್ಲಿ ಸಣ್ಣ ಸಾಲಾಗಿ ಇರಲಿ. ನಿಮ್ಮ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಗೂ ಅದೇ ಜಾಗ.

ನಿವೃತ್ತ ಮೇಷ್ಟ್ರು

ಈಗ ನನಗೆ ವಿಷಯ ಅರ್ಥವಾಯಿತು. ಒಂದು ಸಂದೇಹ. ನಿಮ್ಮ ಪಟ್ಟಿಯಲ್ಲಿ "ಮುಖಪುಟ" ಇಲ್ಲವಲ್ಲ, ಹಿಂದಕ್ಕೆ ಹೋಗುವುದು ಹೇಗೆ?

ನೇಕಾರ

ಮೇಲಿರುವ ಅಂಗಡಿಯ ಹೆಸರನ್ನು ಒತ್ತಿದರೆ ಮುಖಪುಟಕ್ಕೆ ಹೋಗುತ್ತದೆ ಸರ್. ಹೆಚ್ಚಿನ ಸೈಟುಗಳಲ್ಲಿ ಹಾಗೆಯೇ. ಮೊದಲ ಜಾಗವನ್ನು ಅದಕ್ಕೆ ಕೊಡುವುದು ದುಬಾರಿ.

ನಿವೃತ್ತ ಮೇಷ್ಟ್ರು

ನಾನು ಎಂಟು ವರ್ಷದಿಂದ ಇಂಟರ್‌ನೆಟ್ ನೋಡುತ್ತಿದ್ದೇನೆ, ಇದು ನನಗೆ ಇವತ್ತೇ ಗೊತ್ತಾದದ್ದು. ನಮ್ಮ ವಯಸ್ಸಿನವರು ಬೇಕರಿಗೆ ಬಹಳ ಬರುತ್ತೇವೆ ಎಂಬುದನ್ನು ಮರೆಯಬೇಡಿ.

ಡಬ್ಲಿನ್ ಕನ್ನಡತಿ

ನನ್ನ ಅಪ್ಪ ಅಮ್ಮ ಇರುವುದು ಮೈಸೂರಿನಲ್ಲೇ. ಹೋದ ತಿಂಗಳು ಅಮ್ಮನ 70ನೇ ಹುಟ್ಟುಹಬ್ಬಕ್ಕೆ ಇಲ್ಲಿಂದಲೇ ಕೇಕ್ ಕಳಿಸಲು ನೋಡಿದೆ. ಒಂದು ಬೇಕರಿಯ ಸೈಟಿನಲ್ಲಿ ಸಂಸ್ಥಾಪಕರ ಸಂದೇಶ, ಪ್ರಶಸ್ತಿ, ಚಿತ್ರ ಎಲ್ಲ ಇತ್ತು. ಮನೆಗೆ ತಲುಪಿಸುತ್ತಾರೋ ಇಲ್ಲವೋ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಬೆಲೆಪಟ್ಟಿ ಎಂದು ಒತ್ತಿದರೆ ಕಾಗದದ ಫೋಟೊ ತೆರೆಯಿತು, ಹಿಗ್ಗಿಸಿದರೆ ಮಸುಕಾಯಿತು. ಅಲ್ಲಿ ಆಗ ರಾತ್ರಿ, ಫೋನ್ ಮಾಡುವ ಹಾಗಿಲ್ಲ. ಕೊನೆಗೆ ತಮ್ಮನ ಸ್ನೇಹಿತನಿಗೆ ಹೇಳಿ ತರಿಸಿದೆ.

ದಯವಿಟ್ಟು ಡೆಲಿವರಿ ಎಂಬ ಪದವನ್ನು ಮೆನುವಿನಲ್ಲೇ ಹಾಕಿ. ವಿದೇಶದ ಕಾರ್ಡಿನಲ್ಲಿ ಹಣ ಕೊಡಬಹುದೇ ಎಂಬುದನ್ನೂ ಬರೆಯಿರಿ.

ಒಲೆಯ ಮುಂದೆ

ನಿಮ್ಮ ಅಮ್ಮನಿಗೆ ಶುಭಾಶಯ. ನಮ್ಮಲ್ಲಿ ಒಂದು ಕೆ.ಜಿ.ಗಿಂತ ಮೇಲಿನ ಕೇಕನ್ನು ಆರು ಕಿಲೋಮೀಟರ್ ಒಳಗೆ ತಲುಪಿಸುತ್ತೇವೆ. ಅದನ್ನು ಬರೆಯಬೇಕು ಎಂದು ನನಗೆ ಹೊಳೆದಿರಲೇ ಇಲ್ಲ. ವಿದೇಶದ ಕಾರ್ಡಿನ ವಿಷಯ ಬ್ಯಾಂಕಿನಲ್ಲಿ ವಿಚಾರಿಸುತ್ತೇನೆ.

ಬೆಲೆಯ ವಿಷಯದಲ್ಲಿ ಮನೆಯಲ್ಲಿ ಒಪ್ಪಿಗೆ ಆಗುತ್ತಿಲ್ಲ. ಬೆಣ್ಣೆ, ಸಕ್ಕರೆಯ ದರ ಏರುತ್ತಲೇ ಇರುತ್ತದೆ, ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇವೆ ಎನ್ನುತ್ತಾರೆ ನಮ್ಮವರು.

ನೇಕಾರ

ನಿಮ್ಮ 31 ಕರೆಗಳಲ್ಲಿ ಎಷ್ಟರ ಮೊದಲ ಪ್ರಶ್ನೆ ಬೆಲೆಯದು ಎಂದು ಹಾಳೆಯಲ್ಲಿ ನೋಡಿ ಯಜಮಾನರಿಗೆ ತೋರಿಸಿ. ಬೆಲೆ ಇಲ್ಲದ ಕೇಕ್ ಪುಟ ಇದ್ದರೆ ಅದೇ ಕರೆ ಮತ್ತೆ ಬರುತ್ತದೆ, ಪುಟ ಮಾಡಿದ ಖರ್ಚು ದಂಡ. ಪ್ರತಿ ಕೇಕಿನ ಬೆಲೆ ಬೇಡ. "ಸಾದಾ ವೆನಿಲ್ಲಾ ಒಂದು ಕೆ.ಜಿ. ಇಷ್ಟರಿಂದ, ಫೋಟೊ ಕೇಕ್ ಇಷ್ಟರಿಂದ" ಎಂದು ಆರಂಭದ ಬೆಲೆ ಬರೆಯಿರಿ, ಪಕ್ಕದಲ್ಲಿ ತಿಂಗಳು ಹಾಕಿ. ಬೆಲೆ ಚಿತ್ರದೊಳಗೆ ಇರದೆ ಅಕ್ಷರದಲ್ಲೇ ಇರಬೇಕು. ಆಗ ಬೆಣ್ಣೆ ಏರಿದ ದಿನ ನೀವೇ ಮೊಬೈಲಿನಿಂದ ತಿದ್ದಬಹುದು. ಆ ಹುಡುಗನಿಗೆ ಫೋನ್ ಮಾಡಿ ಕಾಯಬೇಕಾಗಿ ಬಂದರೆ ನೀವು ತಿದ್ದುವುದೇ ಇಲ್ಲ. ಹಳೆಯ ಬೆಲೆಯ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಗಿರಾಕಿ ಬರುವುದು ಹಾಗೆಯೇ.

ಡೆಲಿವರಿಗೆ ಪ್ರತ್ಯೇಕ ಪುಟ ಮಾಡಲು ನನಗೆ ಮನಸ್ಸಿಲ್ಲ, ಆರು ಕಿಲೋಮೀಟರ್ ಎಂಬ ಒಂದು ಸಾಲಿಗೆ ಒಂದು ಪುಟ ಏಕೆ? ಆದರೆ ಮೆನುವಿನ ಪದವನ್ನೇ "ಕೇಕ್ ಆರ್ಡರ್, ಡೆಲಿವರಿ" ಎಂದು ಮಾಡಬಹುದು. ಪದಗಳನ್ನು ಪಕ್ಕಾ ಮಾಡುವ ಮೊದಲು ಒಂದು ಕೆಲಸ ಮಾಡಿ. ಐದು ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಸೈಟಿನ ಬಗ್ಗೆ ಏನೂ ಗೊತ್ತಿಲ್ಲದ ಐದಾರು ಗಿರಾಕಿಗಳ ಮುಂದೆ ಇಡಿ. "ಭಾನುವಾರ ಅಂಗಡಿ ತೆರೆದಿದೆಯೇ ಎಂದು ತಿಳಿಯಬೇಕು, ಯಾವುದನ್ನು ಒತ್ತುತ್ತೀರಿ?" ಎಂದು ಕೇಳಿ. ನೀವು ಬಾಯಿ ಬಿಡಬೇಡಿ, ಅವರ ಬೆರಳು ಎಲ್ಲಿಗೆ ಹೋಗುತ್ತದೆ ಎಂದಷ್ಟೇ ನೋಡಿ. ಬೆರಳು ಗಾಳಿಯಲ್ಲಿ ನಿಂತು ಅತ್ತಿತ್ತ ಹೋದರೆ ಅದನ್ನೂ ಬರೆದುಕೊಳ್ಳಿ.

ಒಲೆಯ ಮುಂದೆ

ನಿನ್ನೆ ಸಂಜೆ ಕಾಫಿ ಹೊತ್ತಿನಲ್ಲಿ ಮಾಡಿದೆವು. ಆರು ಜನ: ಕಾಲೇಜಿನ ಇಬ್ಬರು ಹುಡುಗಿಯರು, ಆಟೊ ಓಡಿಸುವ ಒಬ್ಬರು, ದಿನಾ ಬ್ರೆಡ್ ಒಯ್ಯುವ ಒಬ್ಬ ಅಜ್ಜ, ಎದುರು ಮನೆಯ ಅಕ್ಕ, ಬ್ಯಾಂಕಿನ ಒಬ್ಬರು.

ಕೇಕಿನ ಪ್ರಶ್ನೆಗೆ ಆರೂ ಜನ ತಡಮಾಡದೆ ಮೊದಲ ಪದವನ್ನೇ ಮುಟ್ಟಿದರು. ಖಾರ ಬನ್ ಬೆಲೆಗೂ ತೊಂದರೆ ಇರಲಿಲ್ಲ. ಭಾನುವಾರದ ಪ್ರಶ್ನೆಗೆ ಎಡವಿದರು. ಮೂವರು "ನಮ್ಮ ಬೇಕರಿ"ಯನ್ನು ಮುಟ್ಟಿದರು, ಅಂಗಡಿಯ ವಿಷಯ ಅಲ್ಲಿರುತ್ತದೆ ಎಂದು. ಇಬ್ಬರು "ಸಂಪರ್ಕ". ಅಜ್ಜ ಹಾಳೆಯನ್ನು ತಿರುಗಿಸಿ ನೋಡಿ, "ಇಲ್ಲಿ ಸಮಯ ಎಂದು ಎಲ್ಲಿದೆ ಮಗಳೇ?" ಎಂದರು. ಎಲ್ಲೂ ಇಲ್ಲ, ನಿಜ. "ಸಂಪರ್ಕ"ವನ್ನು ಹೊಡೆದುಹಾಕಿ "ವಿಳಾಸ ಮತ್ತು ಸಮಯ" ಎಂದು ಬರೆದೆ. ಆಮೇಲೆ ಬಂದ ನಾಲ್ವರಿಗೆ ಅದೇ ಪ್ರಶ್ನೆ ಕೇಳಿದಾಗ ನಾಲ್ವರೂ ಅದನ್ನೇ ಮುಟ್ಟಿದರು.

ಇನ್ನೊಂದು ತೊಡಕು. ಶಾಲೆಯ ವಾರ್ಷಿಕೋತ್ಸವಕ್ಕೆ 200 ಪಫ್ಸ್ ಬೇಕು ಎಂದು ಕೇಳಿದರೆ ಯಾರೂ "ಸಮಾರಂಭಗಳಿಗೆ" ಮುಟ್ಟಲಿಲ್ಲ. ಎದುರು ಮನೆಯ ಅಕ್ಕ, "ಸಮಾರಂಭ ಎಂದರೆ ನೀವು ಮದುವೆ ಅಡುಗೆಯನ್ನೂ ಮಾಡುತ್ತೀರಾ?" ಎಂದು ಕೇಳಿದರು.

ನೇಕಾರ

ಎರಡು ಪದಗಳ ತಪ್ಪು ಒಂದು ಸಂಜೆಯಲ್ಲಿ, ಒಂದು ಹಾಳೆಯ ಖರ್ಚಿನಲ್ಲಿ ಗೊತ್ತಾಯಿತು. "ಸಮಾರಂಭಗಳಿಗೆ" ನನ್ನ ತಪ್ಪು. ಜನ ಆಡುವ ಮಾತಲ್ಲ ಅದು, ಆಮಂತ್ರಣ ಪತ್ರಿಕೆಯ ಮಾತು. "ಹೆಚ್ಚು ಸಂಖ್ಯೆಗೆ" ಅಥವಾ "ಒಟ್ಟು ಆರ್ಡರ್" ಎಂದು ಇಟ್ಟು ಮತ್ತೆ ಕೇಳಿ ನೋಡಿ.

ಹುಡುಕುನೋಟ

ಹೊಸ ವರ್ಷದ ಕೇಕಿಗೆ ಏನು ಮಾಡುತ್ತೀರಿ? ಡಿಸೆಂಬರ್ 31ಕ್ಕೆ ಬೇಕರಿಗಳ ಮುಂದೆ ಸಾಲು ನಿಲ್ಲುತ್ತದೆ. ಅದಕ್ಕೆ ಮೆನುವಿನಲ್ಲಿ ಜಾಗ ಬೇಕು.

ನೇಕಾರ

ಪುಟ ಬೇಕು, ಈ ಬಾರಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮೆನುವಿನಲ್ಲಿ ಬೇಡ. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಖಾಲಿ ಪದ, ಬಂದ ಮೇಲೆ ತೆಗೆಯುವುದನ್ನು ಮರೆತರೆ ಮಾರ್ಚ್ ತಿಂಗಳಲ್ಲಿ ಹೊಸ ವರ್ಷದ ಕೇಕ್ ಎಂದು ಕಾಣುತ್ತಿರುತ್ತದೆ. ಡಿಸೆಂಬರ್ ಮೊದಲ ವಾರ ಮುಖಪುಟದ ಮೇಲೆ ಒಂದು ಪಟ್ಟಿ ಹಾಕಿ, ಅಲ್ಲಿಂದ ಆ ಪುಟಕ್ಕೆ ಕೊಂಡಿ ಕೊಡಿ. ಪುಟದ ವಿಳಾಸದಲ್ಲಿ ಇಸವಿ ಸೇರಿಸಬೇಡಿ. `/new-year-cake` ಎಂದಿದ್ದರೆ ಪ್ರತಿ ವರ್ಷ ಅದೇ ಪುಟವನ್ನು ತಿದ್ದಿ ಬಳಸಬಹುದು, ಹೋದ ವರ್ಷ ಯಾರೋ ಹಂಚಿದ ಕೊಂಡಿಯೂ ಕೆಲಸ ಮಾಡುತ್ತದೆ.

ವಿಳಾಸದ ಅಕ್ಷರದ ಬಗ್ಗೆ ಮನಸ್ಸಿಗೆ ನೋವಾದರೂ ಹೇಳಬೇಕು. ಮೆನುವಿನ ಪದಗಳು ಕನ್ನಡದಲ್ಲೇ ಇರಲಿ, ಪುಟದ ವಿಳಾಸ ಮಾತ್ರ ರೋಮನ್ ಲಿಪಿಯಲ್ಲಿರಲಿ. ಕನ್ನಡದಲ್ಲಿ "ಕೇಕ್" ಎಂದು ಇಟ್ಟು ಅದನ್ನು ನಕಲು ಮಾಡಿ ಇನ್ನೊಬ್ಬರಿಗೆ ಕಳಿಸಿದರೆ ಅನೇಕ ವೇಳೆ ಹೀಗೆ ಹೋಗುತ್ತದೆ:

```
/%E0%B2%95%E0%B3%87%E0%B2%95%E0%B3%8D
```

ಎರಡಕ್ಷರದ ಪದ 36 ಚಿಹ್ನೆಯಾಯಿತು. ಇದನ್ನು ವಾಟ್ಸ್‌ಆಪಿನಲ್ಲಿ ಕಂಡವರು ಮೋಸದ ಕೊಂಡಿ ಎಂದು ಹೆದರಿ ಒತ್ತುವುದಿಲ್ಲ.

ಒಲೆಯ ಮುಂದೆ

ಹುಡುಗ ಮೊದಲ ರೂಪ ಕಳಿಸಿದ್ದಾನೆ. ಮೊಬೈಲಿನಲ್ಲಿ ನೋಡಿದೆ. "ವಿಳಾಸ ಮತ್ತು ಸಮಯ" ಎಂಬಲ್ಲಿ "ತ್ತು" ಅಕ್ಷರದ ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಗಿದೆ, "ಮತು" ಎಂದು ಓದುವಂತಿದೆ. ಅವನ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದಂತೆ. ಅಲ್ಲದೆ ಮೊಬೈಲಿನಲ್ಲಿ ಎಲ್ಲ ಪದಗಳೂ ಮೂರು ಗೆರೆಯ ಹಿಂದೆ ಅಡಗಿಕೊಂಡಿವೆ.

ನೇಕಾರ

ಮಾದರಿಯನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿರುತ್ತಾರೆ. ಮೆನುವಿನ ಸಾಲಿಗೆ ಇಷ್ಟೇ ಎತ್ತರ ಎಂದು ಬಿಗಿದು, ಹೊರಚಾಚಿದ್ದನ್ನು ಮರೆಮಾಡು ಎಂದು ಬರೆದಿರುತ್ತಾರೆ. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಕತ್ತರಿಗೆ ಸಿಗುತ್ತದೆ. ಅವನಿಗೆ ಇದನ್ನು ಕಳಿಸಿ:

```css
nav a {
  line-height: 1.7;
  height: auto;
  overflow: visible;
  letter-spacing: normal;
}
```

ಸರಿಯಾಯಿತೇ ಎಂದು ನೋಡಲು "ಮತ್ತು" ಪದವೇ ಸಾಕು, ಅದನ್ನು ಕಡಿಮೆ ಬೆಲೆಯ ಒಂದು ಹಳೆಯ ಮೊಬೈಲಿನಲ್ಲೂ ನೋಡಿ.

ಮೂರು ಗೆರೆಯ ವಿಷಯ ಇನ್ನೂ ದೊಡ್ಡದು. ಅದರ ಹಿಂದೆ ಅಡಗಿದ್ದನ್ನು ಬಹಳ ಜನ ತೆರೆಯುವುದೇ ಇಲ್ಲ. ಕಾಣದ ಸಾಲಿನಲ್ಲಿ ಯಾವುದು ಮೊದಲು ಎಂದು ನಾವು ಇಷ್ಟು ದಿನ ಚರ್ಚಿಸಿ ಏನು ಪ್ರಯೋಜನ? ಐದೇ ಪದ ಇರುವುದರಿಂದ ಎರಡು ಸಾಲಿನಲ್ಲಿ ಹೊರಗೇ ಇಡಬಹುದು. ಮೇಲಿನ ಸಾಲಿನಲ್ಲಿ "ಕೇಕ್ ಆರ್ಡರ್", "ವಿಳಾಸ ಮತ್ತು ಸಮಯ". ಕೆಳಗಿನ ಸಾಲಿನಲ್ಲಿ ಉಳಿದ ಮೂರು. ಹಾಗೆ ಮಾಡಿದರೆ ಮೊಬೈಲಿನ ಕ್ರಮ ಕಂಪ್ಯೂಟರಿನ ಕ್ರಮಕ್ಕಿಂತ ಬೇರೆಯಾಗುತ್ತದೆ ಎಂದು ಅವನು ಆಕ್ಷೇಪಿಸಬಹುದು. ಅದು ನಿಜ. ನನಗಿದ್ದ ಅನುಭವದಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿಲ್ಲ, ಆದರೆ ಬೇರೆಯವರ ಅಭಿಪ್ರಾಯ ಬೇರೆ ಇರಬಹುದು. ಪರದೆಯ ಅಡಿಯಲ್ಲಿ ಕರೆ ಮಾಡುವ ಗುಂಡಿ ಯಾವಾಗಲೂ ಅಂಟಿಕೊಂಡಿರಲಿ.

ದಾವಣಗೆರೆ ಬೆಣ್ಣೆ

ಕರೆ ಗುಂಡಿಯ ಜೊತೆ ವಾಟ್ಸ್‌ಆಪ್ ಗುಂಡಿಯನ್ನೂ ಇಡಿ. ಆರ್ಡರ್ ಬರಹದಲ್ಲಿ ಇದ್ದರೆ ಹೆಸರಿನ ಕಾಗುಣಿತದ ಜಗಳ ಇರುವುದಿಲ್ಲ. ಒಮ್ಮೆ ಫೋನಿನಲ್ಲಿ ಕೇಳಿಸಿಕೊಂಡು "ಶ್ರೇಯಾ" ಎಂಬಲ್ಲಿ "ಶ್ರಿಯಾ" ಎಂದು ಬರೆದು, ಮಗು ಅತ್ತು, ನಾನು ಕೇಕನ್ನು ಮತ್ತೆ ಮಾಡಿಕೊಟ್ಟೆ.

ಒಲೆಯ ಮುಂದೆ

ಖಂಡಿತ ಇಡುತ್ತೇವೆ. ಈಗ ಉಳಿದಿರುವುದು "ನಮ್ಮ ಬೇಕರಿ" ಪುಟ. ಮಾವನಿಗೆ ಅದರ ಮೇಲೆ ಬಹಳ ಆಸೆ. ಅಯ್ಯಂಗಾರ್ ಬೇಕರಿಗಳ ಚರಿತ್ರೆ ಬರೆಯಬೇಕು, 1898ರಲ್ಲಿ ಹಾಸನದ ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದದ್ದರಿಂದ ಶುರುಮಾಡಬೇಕು, ಅದನ್ನು ಮೆನುವಿನಲ್ಲಿ ಮೊದಲು ಇಡಬೇಕು ಎನ್ನುತ್ತಾರೆ. 74 ಕರೆಗಳಲ್ಲಿ ಒಬ್ಬರೂ ಅದನ್ನು ಕೇಳಿಲ್ಲ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ನಿವೃತ್ತ ಮೇಷ್ಟ್ರು

ಹೇಳಬೇಡಿ. ಫೋನ್ ಮಾಡಿ ಕೇಳುವ ವಿಷಯ ಅಲ್ಲ ಅದು, ಆದರೆ ಇದ್ದರೆ ನಾನು ಕೂತು ಓದುತ್ತೇನೆ.

ನೇಕಾರ

ಮೇಷ್ಟ್ರ ಮಾತು ಸರಿ. ಕರೆಗಳ ಎಣಿಕೆ ಅವಸರದ ಪ್ರಶ್ನೆಗಳನ್ನು ಮಾತ್ರ ಹಿಡಿಯುತ್ತದೆ. ಪುಟ ಇರಲಿ, ಜಾಗ ನಡುವೆ. ಆದರೆ ಚಿಕ್ಕಪೇಟೆಯಿಂದ ಶುರುಮಾಡಿದರೆ ಅದು ಎಲ್ಲ ಅಯ್ಯಂಗಾರ್ ಬೇಕರಿಗಳ ಕಥೆಯಾಗುತ್ತದೆ, ನಿಮ್ಮದಾಗುವುದಿಲ್ಲ. ಓದಿದವರಿಗೆ ನಿಮಗೂ ಆ ಬೇಕರಿಗೂ ಸಂಬಂಧವಿದೆ ಎಂಬ ತಪ್ಪು ಭಾವನೆಯೂ ಬರುತ್ತದೆ. ನಿಮ್ಮ ಮಾವ ಯಾರ ಬಳಿ ಕೆಲಸ ಕಲಿತರು, ಮೊದಲ ಒಲೆಗೆ ಸೌದೆ ಹಾಕುತ್ತಿದ್ದರೇ, ಮೊಟ್ಟೆ ಇಲ್ಲದೆ ಕೇಕ್ ಉಬ್ಬಿಸುವುದನ್ನು ಹೇಗೆ ಕಲಿತರು ಎಂದು ಕೇಳಿ ಬರೆಯಿರಿ. ಮೊಟ್ಟೆಯ ಪ್ರಶ್ನೆ ಕೌಂಟರಿನಲ್ಲಿ ಮತ್ತೆ ಮತ್ತೆ ಬರುತ್ತದೆ ಎಂದಿರಲ್ಲ, ಅದಕ್ಕೆ ಪೂರ್ತಿ ಉತ್ತರ ಸಿಗುವುದು ಆ ಪುಟದಲ್ಲೇ.

ಒಲೆಯ ಮುಂದೆ

ಇವತ್ತು ಮಧ್ಯಾಹ್ನ ಮಾವನ ಮುಂದೆ ಕುಳಿತು ಕೇಳಿದೆ. ಸೌದೆ ಒಲೆಯೇ ಅಂತೆ, ಕಾವು ನೋಡಲು ಹಿಟ್ಟಿನ ಚಿಟಿಕೆ ಎಸೆದು ಅದು ಕೆಂಪಾಗುವವರೆಗೆ ಎಣಿಸುತ್ತಿದ್ದರಂತೆ. ಎರಡು ಪುಟ ಬರೆದುಕೊಂಡಿದ್ದೇನೆ. ಮೆನುವಿನಲ್ಲಿ ನಾಲ್ಕನೆಯ ಜಾಗಕ್ಕೆ ಅವರು ಒಪ್ಪಿದರು.

"ಒಟ್ಟು ಆರ್ಡರ್" ಪದವನ್ನು ಐದು ಜನರಿಗೆ ತೋರಿಸಿದೆ. ಮೂವರು ಸರಿಯಾಗಿ ಮುಟ್ಟಿದರು, ಇಬ್ಬರು ಈಗಲೂ "ಕೇಕ್ ಆರ್ಡರ್" ಎಂಬುದನ್ನೇ ಮುಟ್ಟುತ್ತಾರೆ, "ಆರ್ಡರ್" ಎಂದು ಎರಡು ಕಡೆ ಇರುವುದರಿಂದಲೋ ಏನೋ. ಎರಡನ್ನೂ ಒಂದೇ ಪುಟ ಮಾಡಿ "ಆರ್ಡರ್" ಎಂದಷ್ಟೇ ಇಡಲೇ, ಇಲ್ಲ ಬೇರೆ ಪದ ಹುಡುಕಲೇ? "ಕೇಕ್" ಎಂಬ ಪದ ಮೆನುವಿನಿಂದ ಹೋದರೆ ಆ 31 ಜನ ಎಡವುತ್ತಾರೆ ಎಂಬ ಭಯವಿದೆ. "ಮುಖಪುಟ"ದ ವಿಷಯದಲ್ಲಿ ಮೇಷ್ಟ್ರ ಮಾತು ಕೇಳಿ, ಪುಟದ ಅಡಿಯಲ್ಲಿ ಒಂದು ಕೊಂಡಿ ಹಾಕಿಸಿದ್ದೇನೆ.

ಡಬ್ಲಿನ್ ಕನ್ನಡತಿ

"ಕೇಕ್" ತೆಗೆಯಬೇಡಿ. ನಾನು ಹುಡುಕಿದ್ದು ಆ ಪದವನ್ನೇ. ಪಫ್ಸ್ 200 ಬೇಕಾದವರು ಹೇಗಿದ್ದರೂ ಫೋನ್ ಮಾಡುತ್ತಾರೆ.

ಹುಡುಕುನೋಟ

ಅವರು ಫೋನ್ ಮಾಡುತ್ತಾರೆ ಎಂದು ಪುಟ ತೆಗೆದರೆ ಆ ಪುಟದಿಂದ ಬರಬಹುದಾದ ಹೊಸ ಶಾಲೆ, ಹೊಸ ಕಚೇರಿ ತಪ್ಪುತ್ತದೆ. ಪುಟ ಇರಲಿ. ಮೆನುವಿನಲ್ಲಿ "50ಕ್ಕಿಂತ ಹೆಚ್ಚು ಬೇಕೇ?" ಎಂದು ಬರೆದು ನೋಡಿ.

ಒಲೆಯ ಮುಂದೆ

ನಾಳೆ ಬೆಳಿಗ್ಗೆ ಬ್ರೆಡ್ಡಿಗೆ ಬರುವವರ ಮುಂದೆ ಆ ಹಾಳೆಯನ್ನು ಇಡುತ್ತೇನೆ.